ಸ್ಯಾಂಪಲ್ ಫ್ಲಾಟಿನ ಹಿಡಿಕೆ

ಬಂಗಾರಪೇಟೆಯಲ್ಲಿ ನಾವು ಫ್ಲಾಟ್ ಕೊಂಡದ್ದು ಬಾಲ್ಕನಿ ನೋಡಿ ಅಲ್ಲ, ವಾಸ್ತು ನೋಡಿಯೂ ಅಲ್ಲ; ಬಚ್ಚಲು ನೋಡಿ. ಅಮ್ಮನಿಗೆ ಮಂಡಿ ಆಪರೇಷನ್ ಆದ ಮೇಲೆ, ಕ್ಯಾಸಂಬಳ್ಳಿ ಪಕ್ಕದ ನಮ್ಮ ಹಳ್ಳಿಮನೆಯಲ್ಲಿ ಅವಳನ್ನು ಕೂರಿಸಿ, ಏಳಿಸಿ, ಸ್ನಾನ ಮಾಡಿಸುವುದು ನನ್ನ ಪಾಲಿಗೆ ಬಂತು. ನನಗೇನೂ ಬೇಸರವಿರಲಿಲ್ಲ. ಅವಳಿಗೆ ಮಾತ್ರ ಸಾಯುವಷ್ಟು ಸಂಕೋಚ. ಮಗಳ ಕೈಲಿ ಮೈ ತೊಳೆಸಿಕೊಳ್ಳುವಾಗ ಗೋಡೆ ಕಡೆ ಮುಖ ತಿರುಗಿಸಿಬಿಡುತ್ತಿದ್ದಳು.

ಬಿಲ್ಡರ್‌ನವರು ತೋರಿಸಿದ ಸ್ಯಾಂಪಲ್ ಫ್ಲಾಟಿನ ಬಚ್ಚಲಲ್ಲಿ ಎತ್ತರದ ಕಮೋಡಿತ್ತು, ಪಕ್ಕದ ಗೋಡೆಗೆ ಗಟ್ಟಿ ಸ್ಟೀಲಿನ ಹಿಡಿಕೆ, ಕೂತಲ್ಲೇ ನೀರು ಬಿಟ್ಟುಕೊಳ್ಳಲು ಹ್ಯಾಂಡ್ ಶವರ್. ಅಮ್ಮ ಕೂತಳು. ಹಿಡಿಕೆ ಹಿಡಿದು ತಾನೇ ಎದ್ದಳು. ಮತ್ತೆ ಕೂತು ಮತ್ತೆ ಎದ್ದಳು.

"ಇದ್ನೇ ತಕೊಳಾಣ ಕಣೇ," ಎಂದಳು. ಬೇರೆ ರೂಮುಗಳನ್ನು ನೋಡಲೂ ಇಲ್ಲ.

ಕೊನೆಗೆ ಕೀಲಿ ಕೊಡುತ್ತೇವೆ ಬನ್ನಿ ಎಂದು ಫೋನ್ ಬಂತು. ಹೋಗಿ ನೋಡಿದರೆ ನಮ್ಮ ಫ್ಲಾಟಿನ ಕಮೋಡು ಮೊಣಕಾಲೆತ್ತರ ಕೂಡ ಇಲ್ಲ, ಗೋಡೆ ಬೋಳು, ಹ್ಯಾಂಡ್ ಶವರ್ ಇರಬೇಕಾದಲ್ಲಿ ಒಂದು ಬಡಪಾಯಿ ನಲ್ಲಿ. ಸೈಟ್ ಮ್ಯಾನೇಜರು 'ಎಲ್ಲ ಸರಿಯಿದೆ, ಒಪ್ಪಿ ಪಡೆದಿದ್ದೇನೆ' ಎಂಬ ಹಾಳೆಯನ್ನು ಸಹಿಗೆ ಚಾಚಿದರು. ನಾನು ಪೆನ್ನು ಮುಟ್ಟಲಿಲ್ಲ.

ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರ ಕಚೇರಿಯಲ್ಲಿ ಪತ್ರ ಬರೆಯುವುದೇ ನನ್ನ ಹೊಟ್ಟೆಪಾಡು. ಆದರೂ ಆ ಸಂಜೆ ಬರೆದದ್ದು ಮೂರು ಪುಟದ ಬೈಗುಳ. ಓದಿಸಿಕೊಂಡ ಅಮ್ಮ, "ಇದ್ನ ಓದಿದ್ರೆ ಅವ್ನಿಗೆ ಕ್ವಾಪ ಬತ್ತದೆ, ಇಡ್ಕೆ ಬರಾಕಿಲ್ಲ," ಎಂದಳು. ಹರಿದು ಹಾಕಿ ಒಂದೇ ಪುಟದಲ್ಲಿ ಬರೆದೆ: ಏನು ತೋರಿಸಿದಿರಿ, ಏನು ಹಾಕಿದ್ದೀರಿ, ಯಾವಾಗ ಬದಲಿಸುತ್ತೀರಿ. ನಮ್ಮನ್ನು ಕೇಳದೆ ಫಿಟ್ಟಿಂಗ್ಸ್ ಬದಲಾಯಿಸಲು, ಫ್ಲಾಟ್ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯಲ್ಲಿ ಅವಕಾಶವಿಲ್ಲ, ಸರಿಪಡಿಸದಿದ್ದರೆ ರೇರಾ ಪ್ರಾಧಿಕಾರಕ್ಕೆ ದೂರು ಕೊಡುತ್ತೇವೆ ಎಂದೂ ಸೇರಿಸಿದೆ.

ಸಾಕ್ಷಿಗೆ ಫೋಟೋ ಬೇಕಿತ್ತು. ಮೊಬೈಲಿನಲ್ಲಿ ಹುಡುಕಿದರೆ ಹಿಡಿಕೆ ಕಾಣುವ ಫೋಟೋ ಒಂದೇ. ಅದರಲ್ಲಿ ಅಮ್ಮ ಹಸಿರು ರೇಷ್ಮೆ ಸೀರೆಯುಟ್ಟು, ಮುಚ್ಚಿದ ಕಮೋಡಿನ ಮೇಲೆ ಹಸೆಮಣೆ ಮೇಲೆ ಕೂತವಳ ಹಾಗೆ ಕೂತು, ಹಿಡಿಕೆ ಹಿಡಿದು ನಗುತ್ತಿದ್ದಳು.

"ಅಯ್ಯೋ, ನಿನ್ ಬುದ್ಧಿಗಿಷ್ಟು! ಇದ್ನ ಯಾರಾನ ಕಳಿಸ್ತಾರಾ?"

"ಬೇರೆ ಇಲ್ಲಮ್ಮ."

ಅಮ್ಮ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಆಮೇಲೆ, "ಕಳ್ಸು. ಮುಖ ಚೆನ್ನಾಗೇ ಬಿದ್ದದೆ," ಎಂದಳು.

ಸ್ಪೀಡ್ ಪೋಸ್ಟಿನಲ್ಲಿ ಒಂದು ಪ್ರತಿ ಕಳಿಸಿ, ಇನ್ನೊಂದನ್ನು ಹಿಡಿದು ಇಬ್ಬರೂ ಸೈಟ್ ಆಫೀಸಿಗೆ ಹೋದೆವು. ಮ್ಯಾನೇಜರು ಫೋಟೋ ನೋಡಿ ನಗು ನುಂಗಿಕೊಂಡರು. "ಮೇಡಂ, ಸ್ಯಾಂಪಲ್ ಫ್ಲಾಟ್ ಸುಮ್ನೆ ತೋರ್ಸಕ್ಕೆ. ಅಗ್ರಿಮೆಂಟಲ್ಲಿ 'ಒಳ್ಳೆ ಕಂಪನಿದು ಅಥವಾ ಅದಕ್ಕೆ ಸಮಾನವಾದದ್ದು' ಅಂತ ಅದೆ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕುರ್ಚಿ ಮುಂದಕ್ಕೆಳೆದುಕೊಂಡಳು.

"ಅಪ್ಪಾ, ನಲವತ್ತು ವರ್ಸ ಡೈರಿಗೆ ಆಲಾಕಿದೀನಿ. ದಿನಾ ಚೂರು ಆಲು ಸ್ಯಾಂಪಲ್ ತೆಗೀತಿದ್ರು. ಆ ಚೂರು ಎಂಗಿದ್ರೆ ಕ್ಯಾನೂ ಅಂಗೇ ಅಂತ ಲೆಕ್ಕ. ಗಟ್ಟಿ ಆಲು ತೋರ್ಸಿ, ಕ್ಯಾನ್‌ಗೆ ನೀರು ಸುರಿದಿದ್ರೆ ನಮ್ಮನ್ನ ಸುಮ್ಕೆ ಬಿಡ್ತಿದ್ರಾ? ಗೋಡೇಲಿ ಇಡ್ಕೆನೇ ಇಲ್ಲ, ಅದು ಯಾವುದಕ್ಕಪ್ಪ ಸಮಾನ?"

ಮ್ಯಾನೇಜರು ತಲೆ ಕೆರೆದುಕೊಂಡರು. "ನಮ್ ಮನೇಲೂ ಡೈರಿಗೆ ಹಾಕ್ತೀವಿ, ಅಮ್ಮ," ಎಂದು ಮೆಲ್ಲಗೆ ಹೇಳಿ, ನಮ್ಮ ಪ್ರತಿಯ ಮೇಲೆ 'ಸ್ವೀಕರಿಸಿದೆ' ಎಂದು ಸೀಲು ಒತ್ತಿ, ಸಹಿ, ತಾರೀಕು ಹಾಕಿದರು. ತಮ್ಮ ಕೈಲಿ ಏನೂ ಇಲ್ಲ, ಮೇಲಕ್ಕೆ ಕಳಿಸುತ್ತೇನೆ ಎಂದರು. ಎರಡು ವಾರ ಸುದ್ದಿಯಿಲ್ಲ. ಮೂರನೇ ವಾರ ಬಿಲ್ಡರ್ ಕಡೆಯಿಂದ ಉತ್ತರ: 'ಸದ್ಭಾವನೆಯ ಕ್ರಮವಾಗಿ' ಬದಲಿಸಲಾಗುವುದಂತೆ. ತಪ್ಪಾಯಿತು ಎನ್ನಲು ಅವರಿಗೆ ಎಷ್ಟು ಕಷ್ಟವೋ! ಇರಲಿ, ಸದ್ಭಾವನೆ ಅವರಿಗಿರಲಿ, ಹಿಡಿಕೆ ನಮಗಿರಲಿ ಎಂದುಕೊಂಡೆ.

ಪ್ಲಂಬರು ಬಂದು ಕಮೋಡು ಬದಲಿಸಿ, ಹ್ಯಾಂಡ್ ಶವರ್ ಹಾಕಿ, ಟೈಲ್ಸ್ ಕೊರೆದು ಹಿಡಿಕೆ ಕೂರಿಸಿದರು. ನಾನೇ ಜೋತುಬಿದ್ದು ನೋಡಿ, ಆಮೇಲೆ ಸಹಿ ಹಾಕಿದೆ.

ಗೃಹಪ್ರವೇಶದ ಮಾರನೇ ಬೆಳಿಗ್ಗೆ ಅಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟಳು. ಅಭ್ಯಾಸಬಲ, ನಾನೂ ಸೀರೆ ಎತ್ತಿ ಕಟ್ಟಿ ಹಿಂದೆಯೇ ಹೋದೆ. ನನ್ನ ಮುಖಕ್ಕೇ ಬಾಗಿಲು ಹಾಕಿ ಒಳಗಿಂದ ಚಿಲಕ ಜಡಿದಳು. ಬಾಗಿಲಿಗೆ ಕಿವಿಕೊಟ್ಟು ನಿಂತೆ. ನೀರು ಬಿದ್ದ ಸದ್ದು, ಬಳೆ ಸ್ಟೀಲಿಗೆ ತಾಗಿದ ಸದ್ದು. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

"ಅಲ್ಲೇ ನಿಂತಿದೀಯ, ಗೊತ್ತು ನಂಗೆ," ಒಳಗಿಂದ ಅಮ್ಮನ ದನಿ. "ಓಗೇ ಅತ್ಲಾಗೆ. ನಾನೇನು ಕೂಸಾ?"