ಪರಿಚಯ ಹೇಳಲು ಎದ್ದು ಕೆಲಸ ಕೇಳಿದ್ದು

ಆಷಾಢ ಬಂತೆಂದರೆ ಫೋಟೋ ತೆಗೆಯುವವರಿಗೆ ಪುರುಸೊತ್ತು. ಮುಹೂರ್ತಗಳಿಲ್ಲ, ಮಂಟಪಗಳು ಖಾಲಿ. ಹಾಗಾಗಿ ನಮ್ಮ ಛಾಯಾಗ್ರಾಹಕರ ಸಂಘದ ವಾರ್ಷಿಕ ಸಭೆಯೂ ಆಷಾಢದಲ್ಲೇ ಆಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕಕ್ಕೂ ಸೇರಿ ಒಂದೇ ಘಟಕ. ಆ ವರ್ಷ ನಾನು ಹೊಸ ಸದಸ್ಯೆ. ಸಭೆ ಬೈಲಹೊಂಗಲದ ಒಂದು ಮಂಟಪದಲ್ಲಿತ್ತು.

ನನಗೆ ಬೇಕಾಗಿದ್ದದ್ದು ಒಂದೇ: ಕಾರ್ಯಾಗಾರ ನಡೆಸುವ ಜವಾಬ್ದಾರಿ. ಅದರ ಸಂಚಾಲಕನ ಜಾಗ ಖಾಲಿ ಬಿದ್ದಿತ್ತು. ಯಾರೂ ಮುಟ್ಟುತ್ತಿರಲಿಲ್ಲ, ಯಾಕೆಂದರೆ ಯಾವ ಕಾರ್ಯಾಗಾರಕ್ಕೂ ಜನ ಬರುತ್ತಿರಲಿಲ್ಲ. ಕಲಿಸುವವರು ಬೆಳಗಾವಿಯಿಂದ ಬರಬೇಕು, ಅವರಿಗೆ ರಜೆ ಭಾನುವಾರ. ಭಾನುವಾರ ನಮಗೆ ಉಸಿರಾಡಲೂ ಬಿಡುವಿಲ್ಲದ ದಿನ. ಕಲಿಸುವವರು ಖಾಲಿ ಕುರ್ಚಿಗಳಿಗೆ ಪಾಠ ಹೇಳಿ, ಚಹಾ ಕುಡಿದು ಹೋಗುತ್ತಿದ್ದರಂತೆ. ಇದನ್ನು ಕೇಳಿದಾಗಲೇ ನನ್ನ ಮೈ ಉರಿದಿತ್ತು.

ರಾಮದುರ್ಗದಿಂದ ಬಸ್ಸು ಹತ್ತಿದವಳು ಯರಗಟ್ಟಿ ದಾಟುವ ತನಕ ಪರಿಚಯದ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನೋಡಿ ನೋಡಿ ಸಾಕಾಗಿ, “ಏನ್ ತಂಗಿ, ಬಾಯಾಗ ಅದೇನ್ ಮಣಮಣ ಅನ್ನಾಕ್ಹತ್ತೀರಿ?” ಎಂದಳು. “ನಾ ಯಾರಂತ ಹೇಳೂದು ಕಲ್ಯಾಕ್ಹತ್ತೇನ್ರಿ” ಎಂದೆ. ಅವಳು ಸ್ವಲ್ಪ ಆಚೆ ಸರಿದು ಕೂತಳು.

ಸಂಘದಲ್ಲಿ ಪರಿಚಯಕ್ಕೆ ಒಂದು ಪದ್ಧತಿ ಇತ್ತು. ಹೊಸಬರು ವೇದಿಕೆ ಹತ್ತಿ ಹೆಸರು, ಊರು, ಸ್ಟುಡಿಯೋ ಹೇಳಿ ಕೈಮುಗಿಯಬೇಕು. ಅಧ್ಯಕ್ಷರು ಗುರುತಿನ ಚೀಟಿ, ಒಂದು ಗುಲಾಬಿ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ನನಗಿಂತ ಮುಂಚೆ ಹೋದವರೆಲ್ಲ ಒಂದೇ ಉಸಿರಿಗೆ ಹೇಳಿ ಬಂದರು. ನಾನು ಹೋಗಿ ನಿಂತೆ. ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಯಾರೋ, “ಈ ಕಡೆ ಸರೀರಿ ಅಕ್ಕಾರ, ಬೆನ್ನಿಗೆ ಕಿಡಕಿ ಐತಿ, ಮಾರಿ ಕರ್ರಗ ಕಾಣತೈತಿ” ಎಂದರು. ಫೋಟೋದವರ ಸಭೆ ಅಂದಮೇಲೆ ಇಷ್ಟೂ ಇಲ್ಲದಿದ್ದರೆ ಹೇಗೆ. ನಾನು ಸರಿದು ನಿಂತು, “ಮಾರಿ ಕಂಡಿತಲ್ರಿ? ಇನ್ನ ಮಾತ ಕೇಳ್ರಿ” ಎಂದೆ.

ಹೆಸರು, ಊರು ಹೇಳುವಷ್ಟರಲ್ಲಿ ಮುಂದಿನ ಸಾಲಿನಿಂದ ಕಿತ್ತೂರಿನ ಕಾಕಾ ಕೇಳಿದರು. ಸಂಘದಲ್ಲಿ ಎಲ್ಲರಿಗಿಂತ ಹಿರಿಯರು, ರೀಲಿನ ಕಾಲದವರು. “ಸ್ಟುಡಿಯೋ ನಿಮ್ಮ ಮನಿಯವ್ರದೇನ್ರಿ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು.

“ಮನಿಯವ್ರು ಟ್ರ್ಯಾಕ್ಟರ್ ರಿಪೇರಿ ಮಾಡ್ತಾರ್ರಿ ಕಾಕಾ. ಅವ್ರಿಗೆ ಕ್ಯಾಮೆರಾ ಹಿಡಿಯಾಕೂ ಬರೂದಿಲ್ಲ. ನನಗ ಸ್ಟುಡಿಯೋ ಇಲ್ಲ. ಆದ್ರ ಇಲ್ಲಿ ಕುಂತ ಭಾಳ ಮಂದಿ ಸ್ಟುಡಿಯೋದಾಗ ನಾ ತಗದ ಫೋಟೋ ಅದಾವ.”

ಹೇಳಿದ್ದು ನಿಜವೇ. ನಮ್ಮ ಮಂದಿಯ ನಿಕಾಹ್ ಇರಲಿ, ಲಿಂಗಾಯತರ ಮನೆಯ ಸೀಮಂತ ಇರಲಿ, ಹೆಣ್ಣುಮಕ್ಕಳೇ ತುಂಬಿರುವ ಕೋಣೆಗೆ ಗಂಡಸು ಕ್ಯಾಮೆರಾ ಹಿಡಿದು ನುಗ್ಗುವಂತಿಲ್ಲ. ಆಗ ನನಗೆ ಫೋನು ಬರುತ್ತದೆ. ನಾನು ತೆಗೆದುಕೊಡುತ್ತೇನೆ, ಆಲ್ಬಮ್ಮಿನ ಮೇಲೆ ಅವರ ಸ್ಟುಡಿಯೋ ಹೆಸರು ಬೀಳುತ್ತದೆ. ಅದರ ಬಗ್ಗೆ ನನಗೆ ದೂರಿಲ್ಲ, ಅದು ವ್ಯವಹಾರ. ಸವದತ್ತಿಯ ಒಬ್ಬರು ಮೆಲ್ಲಗೆ ಕೈ ಎತ್ತಿ, “ಖರೆ ಐತ್ರಿ. ನಮ್ಮಲ್ಲೂ ಅದಾವ” ಎಂದರು. ಆ ಮನುಷ್ಯನಿಗೆ ಇವತ್ತಿಗೂ ನನ್ನ ಸಲಾಮು.

ಕೈಮುಗಿದು ಇಳಿಯುವ ಹೊತ್ತಿಗೆ ನಾನು ಇಳಿಯಲಿಲ್ಲ. “ಸಂಘಕ್ಕ ಬಂದದ್ದು ಚೀಟಿ ಸಲುವಾಗಿ ಅಲ್ರಿ. ಕಾರ್ಯಾಗಾರದ ಸಂಚಾಲಕಿ ಕೆಲಸ ನನಗ ಕೊಡ್ರಿ” ಎಂದೆ.

ಕಾರ್ಯದರ್ಶಿ ಎದ್ದರು. “ಹೊಸಾ ಸದಸ್ಯರಿಗೆ ಮೊದಲನೇ ವರ್ಷ ಪದಾಧಿಕಾರ ಇಲ್ರಿ. ಬೈಲಾದಾಗ ಐತಿ.”

“ಪದಾಧಿಕಾರ ಯಾರಿಗೆ ಬೇಕ್ರಿ. ಸಂಚಾಲಕರನ್ನ ಕಾರ್ಯಕಾರಿ ಸಮಿತಿ ನೇಮಸತೈತಿ, ಚುನಾವಣಿ ಇಲ್ಲ. ಅದೂ ಬೈಲಾದಾಗ ಐತಿ.”

ಅಧ್ಯಕ್ಷರು ನಗುತ್ತ, ಸಮಾಧಾನ ಮಾಡುವವರಂತೆ, “ಸ್ವಾಗತ ಸಮಿತಿಯಾಗ ಇರ್ರಿ ಅಕ್ಕಾರ. ಬಂದವ್ರಿಗೆ ಹೂ ಕೊಡೂದು, ಛಲೋ ಕಾಣತೈತಿ” ಎಂದರು.

“ಹೂ ಯಾರ ಕೊಟ್ರೂ ಹೂವ ರೀ. ಮಂದಿ ಬರಬೇಕಲ್ಲ, ಮೊದಲ” ಎಂದೆ. ಹಿಂದಿನ ಸಾಲು ನಕ್ಕಿತು. ಅಲ್ಲಿಂದ ನನಗೆ ಧೈರ್ಯ ಬಂತು. ಭಾನುವಾರ ಬಿಡಿ, ಅಮಾವಾಸ್ಯೆ ಹಿಡಿಯಿರಿ ಎಂದು ಹೇಳಿದೆ. ಅವತ್ತು ಲಗ್ನವಿಲ್ಲ, ಗೃಹಪ್ರವೇಶವಿಲ್ಲ, ಎಲ್ಲರೂ ಮನೆಯಲ್ಲೇ. ನಮ್ಮ ಮಂದಿ ಅಮಾವಾಸ್ಯೆ ನೋಡುವುದಿಲ್ಲ, ಆದರೆ ಅವರಿಗೂ ಲಗ್ನಕ್ಕೆ ಭಾನುವಾರವೇ ಬೇಕು. ಅಮಾವಾಸ್ಯೆ, ಭಾನುವಾರ ಎರಡೂ ಒಂದೇ ದಿನ ಬಿದ್ದರೆ ತ್ರಾಸ ನನಗೊಬ್ಬಳಿಗೆ. ಬೆಳಗಾವಿಯವರು ಬಾರದಿದ್ದರೆ ಮೊದಲನೆಯದನ್ನು ನಾನೇ ಕಲಿಸುತ್ತೇನೆ. ಬಸ್ಸಿನ ಖರ್ಚೂ ನನ್ನದೇ.

“ಏನ್ ಕಲಸ್ತೀರಿ ನಮಗ?” ಎಂದರು ಕಿತ್ತೂರಿನ ಕಾಕಾ.

“ಹಸರ ಗ್ವಾಡಿ ಇದ್ದ ಸಣ್ಣ ಖೋಲ್ಯಾಗ ಮದಲಗಿತ್ತಿ ಮಾರಿ ಹಸರ ಆಗಲಾರದಂಗ ತಗಿಯೂದು.”

ಆ ಮಾತಿಗೆ ಎಲ್ಲರೂ ತಲೆ ಎತ್ತಿದರು. ನಮ್ಮ ಕಡೆಯ ಫೋಟೋದವರಿಗೆಲ್ಲ ಇರುವ ಗೋಳು ಅದು. ಕೋಣೆ ಇಕ್ಕಟ್ಟು, ಗೋಡೆಗೆ ಗಿಳಿಹಸಿರು ಬಣ್ಣ. ಫ್ಲ್ಯಾಶ್ ಗೋಡೆಗೆ ತಿರುಗಿಸಿದರೆ ಆ ಹಸಿರೇ ವಾಪಸು ಬಂದು ಮದುಮಗಳ ಮುಖಕ್ಕೆ ಬಳಿದುಕೊಳ್ಳುತ್ತದೆ. ಸಮಿತಿಯವರು ಮೂಲೆಗೆ ಹೋಗಿ ಗುಸುಗುಸು ಮಾತಾಡಿ ಬಂದರು. ಒಂದು ಕಾರ್ಯಾಗಾರ ಮಾಡಿ ತೋರಿಸಬೇಕು, ಜನ ಬಂದರೆ ಸಂಚಾಲಕಿ, ಬಾರದಿದ್ದರೆ ಸ್ವಾಗತ ಸಮಿತಿ. ಆಗಲಿ ಎಂದು ಗುಲಾಬಿ ಇಸಿದುಕೊಂಡು ಇಳಿದೆ.

ಅಮಾವಾಸ್ಯೆಯ ಬೆಳಿಗ್ಗೆ ಅದೇ ಮಂಟಪದ ಬಾಗಿಲಲ್ಲಿ ನಿಂತಿದ್ದೆ. ಬಹಳ ಹೊತ್ತು ಯಾರ ಸುಳಿವೂ ಇಲ್ಲ. ಹೂ ಕೊಡುವ ಕೆಲಸವೇ ನನ್ನ ಹಣೆಯಲ್ಲಿದೆ ಅಂದುಕೊಂಡೆ, ಅಳುವೇ ಬಂತು. ಆಮೇಲೆ ಸವದತ್ತಿ ಕಡೆಯ ಬೈಕುಗಳು ಬಂದವು. ಸಂಗೊಳ್ಳಿಯವರು ಬಂದರು. ಮಧ್ಯಾಹ್ನದೊಳಗೆ ಮಂಟಪದವನು ಇನ್ನಷ್ಟು ಕುರ್ಚಿ ಹೊರಗೆಳೆದ. ಕಿತ್ತೂರಿನ ಕಾಕಾ ಮೊದಲ ಸಾಲಿನಲ್ಲೇ ಕೈಕಟ್ಟಿ ಕೂತರು.

ಮಂಟಪದಲ್ಲಿ ಮದುಮಗಳ ಕೋಣೆಯ ಗೋಡೆ ನನ್ನ ಪುಣ್ಯಕ್ಕೆ ಅಪ್ಪಟ ಹಸಿರು. ಕಾಕಾರನ್ನೇ ಕರೆದು ಮದುಮಗಳ ಕುರ್ಚಿಯಲ್ಲಿ ಕೂರಿಸಿದೆ. ಫ್ಲ್ಯಾಶ್ ಗೋಡೆಗೆ ಹೊಡೆದು ತೆಗೆದ ಫೋಟೋದಲ್ಲಿ ಮುಖ ಪೇರಲಕಾಯಿಯಂತೆ ಬಂತು. ಆಮೇಲೆ ಇಬ್ಬರಿಗೆ ಬಿಳಿ ಚಾದರ ಎತ್ತಿ ಹಿಡಿಯಲು ಹೇಳಿ, ಗೋಡೆ ಬಿಟ್ಟು ಚಾದರಕ್ಕೆ ಹೊಡೆದೆ. ಈ ಸಲ ಬಣ್ಣ ಸರಿಯಾಗಿ ಬಂತು, ಮೀಸೆಯ ಬಿಳಿ ಕೂದಲೂ ಎಣಿಸುವ ಹಾಗೆ. ಕಾಕಾ ಕ್ಯಾಮೆರಾ ಇಸಿದುಕೊಂಡು ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿದರು. “ಭಾಳ ಛಲೋ ಬಂದೇನಿ” ಎಂದರು. ಕೋಣೆಯೆಲ್ಲ ನಗು. ಆಮೇಲೆ ಒಬ್ಬೊಬ್ಬರೂ ಸರದಿ ಹಚ್ಚಿ ತೆಗೆದು ನೋಡಿದರು.

ಊಟವಾದ ಮೇಲೆ ಅಧ್ಯಕ್ಷರು ಎದ್ದು ನನ್ನನ್ನು ಸಂಚಾಲಕಿ ಎಂದು ಘೋಷಿಸಿದರು. ಚಪ್ಪಾಳೆ ನಿಲ್ಲುವ ಮೊದಲೇ ಜಗಳ ಶುರುವಾಯಿತು. ಮುಂದಿನ ಕಾರ್ಯಾಗಾರ ಕಿತ್ತೂರಿಗೇ ಬೇಕೆಂದು ಕಾಕಾ, ಸವದತ್ತಿಗೇ ಎಂದು ಅಲ್ಲಿಯವರು. ಸಮುದಾಯ ಭವನ ನಾವು ಕೊಡಿಸುತ್ತೇವೆ, ಊಟ ನಾವು ಹಾಕಿಸುತ್ತೇವೆ ಎಂದು ಪೈಪೋಟಿ. ಖಾಲಿ ಕುರ್ಚಿಗಳ ಕೆಲಸಕ್ಕಾಗಿ ಊರೂರುಗಳು ಕಚ್ಚಾಡುವುದನ್ನು ನಾನು ಕಣ್ತುಂಬ ನೋಡಿದೆ. ಅಷ್ಟು ಖುಷಿ ನನಗೆ ಮೊದಲ ಕ್ಯಾಮೆರಾ ಕೊಂಡಾಗಲೂ ಆಗಿರಲಿಲ್ಲ.

“ಮುಂದಿನ ಅಮಾಸಿ ರಾಮದುರ್ಗದಾಗ” ಎಂದೆ.

“ನಿಮ್ಮೂರಾಗ? ಯಾರ ಠರಾವ ಮಾಡಿದ್ರು ಇದನ್ನ?” ಎಂದರು ಕಾಕಾ.

“ಸಂಚಾಲಕಿ” ಎಂದೆ.