ವಜಾ ಪತ್ರದ ಕೊನೆಯ ಪ್ಯಾರಾ

ತಪ್ಪು ನನ್ನದೇ. ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದ ನಾನು, ತಮಾಷೆಗೆಂದು ಸಾಹುಕಾರರ ದನಿ ಅನುಕರಿಸಿ ಬಳ್ಳಾರಿಯ ವ್ಯಾಪಾರಿಗೆ ಫೋನಿನಲ್ಲಿ ರೇಟು ಇಳಿಸಿಬಿಟ್ಟೆ. ನಕ್ಕವನು ನಾನೊಬ್ಬನೇ. ವಿವರಣೆ ಕೇಳಿದರು, ಕೊಟ್ಟೆ. ವಾರದಲ್ಲಿ ವಜಾ ಪತ್ರ ಬಂತು.

ಮ್ಯಾನೇಜರಕ್ಕ ಕೊನೆಯ ಪ್ಯಾರಾ ಓದಿ ಹೇಳಿದರು: ಸೇರುವಾಗ ಸಹಿ ಹಾಕಿದ ಒಪ್ಪಂದ ಇನ್ನೂ ಜಾರಿಯಲ್ಲಿದೆ, ಗಿರಾಕಿಗಳ ಪಟ್ಟಿ, ರೇಟು ಯಾರಿಗೂ ಹೇಳಬಾರದು, ಒಂದು ವರ್ಷ ನಮ್ಮ ಗಿರಾಕಿಗಳನ್ನಾಗಲಿ ಟೈಲರುಗಳನ್ನಾಗಲಿ ಸೆಳೆಯಬಾರದು. ಮಡಕಶಿರಾದ ಹೊಸ ಯೂನಿಟ್ಟಿನವರು ನನಗೆ ಕೆಲಸ ಕೊಡುತ್ತೇವೆಂದದ್ದೇ ಆ ಗಿರಾಕಿಗಳಿಗಾಗಿ. ಆದರೂ ಒಳಗೆ ಏನೂ ಅಲುಗಲಿಲ್ಲ. ಫ್ಯಾನು ನೋಡುತ್ತಾ, ಪತ್ರ ಮುಟ್ಟಿತೆಂದು ಸಹಿ ಹಾಕಿದೆ.

"ಪಟ್ಟಿ ನನ್ನ ತಲಿಯಾಗ ಐತಲ್ರಿ ಅಕ್ಕಾ, ಅದನ್ನೆಲ್ಲಿ ಬಿಟ್ಟು ಹೋಗ್ಲಿ?" ಎಂದೆ.

ಮಡಕಶಿರಾದ ಕೆಲಸದ ಮಾತನ್ನು ಅಲ್ಲಿಗೇ ಮುಗಿಸಿದ್ದು ಮ್ಯಾನೇಜರಕ್ಕನ ಉತ್ತರ:

"ತಲಿ ತಗೊಂಡು ಹೋಗಪ್ಪ. ಬಾಯಿ ಇಲ್ಲೇ ಬಿಟ್ಟು ಹೋಗು."