ರೊಟ್ಟಿ ಬಡಿದು ನಡೆದ ದಿನಗಳು

ಸುಳ್ಳು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದವಳು ನಾನು. ಹಾಲಿಗೆ ನೀರು ಬೆರೆಸಿದವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದೇನೆ. ಬೀಗರು ಹುಡುಗಿಯ ವಯಸ್ಸು ಎರಡು ವರ್ಷ ಇಳಿಸಿ ಹೇಳಿದಾಗ ಎಲ್ಲರೆದುರಿಗೆ ಎತ್ತಿ ತೋರಿಸಿದ್ದೇನೆ. ಅದಕ್ಕೇ ಈ ಸಂಗತಿ ಬರೆಯಲು ಕೈ ಬರುವುದಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಕಾಗುಣಿತವನ್ನು ಸೊಸೆ ತಿದ್ದಿದ್ದಾಳೆ. ಸಂಗತಿಯನ್ನು ತಿದ್ದಿಲ್ಲ.

ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಹೋದ ವರ್ಷ ಡಾಕ್ಟರು ರಕ್ತದ ಕಾಗದ ನೋಡಿ, ಗುಳಿಗೆ ಸಾಕಾಗುತ್ತಿಲ್ಲ, ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ, ಮೂರು ತಿಂಗಳು ನೋಡೋಣ, ಇಳಿಯದಿದ್ದರೆ ಇನ್ಸುಲಿನ್ ಸೂಜಿ ಎಂದರು. ನನಗೆ ಸೂಜಿ ಎಂದರೆ ಹೆದರಿಕೆ. ನಡೆಯುತ್ತೇನೆ ಎಂದೆ.

ನಮ್ಮ ಮನೆ ಅಮರಗೋಳದ ಕಡೆ. ಮಗ ಅಲ್ಲಿನ ಮಾರ್ಕೆಟ್ ಯಾರ್ಡಿನ ಒಂದು ಅಂಗಡಿಯಲ್ಲಿ ಕಾಳಿನ ಲೆಕ್ಕ ಬರೆಯುತ್ತಾನೆ. ಸೊಸೆ ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳಿಗೆ ರೂಢಿ ಮಾಡಿಸುವುದೇ ಅವಳ ಕೆಲಸ, ಹಾಗಾಗಿ ನನಗೂ ಒಂದು ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ದಿನಕ್ಕೊಂದು ಚೌಕ. ನಡೆದು ಬಂದು ಬೆರಳಿಟ್ಟರೆ ಚೌಕ ಹಸಿರಾಗುತ್ತದೆ. ಪಕ್ಕದಲ್ಲಿ ಸಣ್ಣ ಬೆಂಕಿಯ ಚಿತ್ರ, ಬಿಡದೆ ಎಷ್ಟು ದಿನ ನಡೆದೆ ಎಂಬ ಸಂಖ್ಯೆ. ಬೆಳಿಗ್ಗೆ ಐದೂವರೆಗೆ ಗಂಟೆ ಬಾರಿಸುತ್ತದೆ. ನನ್ನ ಚೌಕ ಅವಳ ಫೋನಿನಲ್ಲೂ ಕಾಣುತ್ತದೆ.

"ಅತ್ತಿ, ಈ ಬೆಂಕಿ ಆರಬಾರದು ನೋಡ್ರಿ," ಎಂದಳು.

"ಒಲಿ ಕಾಯ್ದು ಸಾಕಾಗೇತಿ, ಈಗ ಇದನ್ನೂ ಕಾಯಬೇಕೇನು?" ಎಂದೆ.

ಆದರೂ ಕಾಯ್ದೆ. ಹದಿನೆಂಟು ದಿನ ಖರೇನೇ ನಡೆದೆ. ಮೊಣಕಾಲು ಮೊದಲು ಬೈದಿತು, ಆಮೇಲೆ ಸುಮ್ಮನಾಯಿತು. ಸಂಖ್ಯೆ ಏರುವುದನ್ನು ನೋಡಲು ಹುರುಪಾಗುತ್ತಿತ್ತು. ಹತ್ತೊಂಬತ್ತನೆಯ ದಿನ ನಸುಕಿನಲ್ಲಿ ನಳದ ನೀರು ಬಂತು. ನಮ್ಮ ಕಡೆ ನೀರು ದಿನಾ ಬರುವುದಿಲ್ಲ, ಬಂದಾಗ ಬಿಟ್ಟು ಹೋಗುವ ಹಾಗಿಲ್ಲ. ಟಾಕಿ, ಕೊಡ, ಬಕೆಟ್ಟು ಎಲ್ಲ ತುಂಬಿಸುವಷ್ಟರಲ್ಲಿ ರೊಟ್ಟಿಯ ಹೊತ್ತಾಯಿತು. ಮರುದಿನ ಫೋನು ತೆಗೆದರೆ ಬೆಂಕಿ ಇಲ್ಲ. ಹದಿನೆಂಟು ಇದ್ದಲ್ಲಿ ಸೊನ್ನೆ.

ನನಗೆ ಸಿಟ್ಟು ಬಂತು. ನೀರು ಹಿಡಿದದ್ದು ನನಗಾಗಿಯೇ? ಹದಿನೆಂಟು ದಿನ ನಡೆದ ಕಾಲು ಎಲ್ಲಿ ಹೋಯಿತು? ಹಿಂದಿನ ದಿನದ ಚೌಕದ ಮೇಲೆ ಬೆರಳಿಟ್ಟೆ. ಅದು ಬೇಡ ಎನ್ನಲಿಲ್ಲ. ಹಸಿರಾಯಿತು, ಬೆಂಕಿ ತಿರುಗಿ ಹತ್ತಿತು. ಅಷ್ಟೇ ಕೆಲಸ. ಯಾರೂ ಏನೂ ಕೇಳಲಿಲ್ಲ.

ಎರಡನೆಯ ಸಲ ಮೈಕೈ ನೋವಿತ್ತು, ಬೆರಳಿಟ್ಟೆ. ಮೂರನೆಯ ಸಲ ಏನೂ ಇರಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ತಿರುವಿನಲ್ಲಿರುವ ಬಾಗಿಲು ತೆರೆಯದ ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬಂದೆ. ಕೂತಿದ್ದು ಯಾಕೆ ಎಂದು ಈಗ ಯೋಚಿಸಿದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಮನೆಯಲ್ಲಿ ಮಲಗಿಯೇ ಸುಳ್ಳು ಹೇಳಬಹುದಿತ್ತು. ಹೋಗಿ ಕೂತೆ, ಅಂದರೆ ಮೋಸವನ್ನು ಅಚ್ಚುಕಟ್ಟಾಗಿ ಮಾಡಬೇಕೆಂಬ ಬುದ್ಧಿ.

ಒಂದು ದಿನ ಬೆರಳಿಡುವುದನ್ನೇ ಮರೆತೆ. ಸೊಸೆ ಪಾಪ, ನಡೆದೂ ಗುರುತು ಹಾಕಿಲ್ಲ ಎಂದುಕೊಂಡಳು. "ಇನ್ನ ಮ್ಯಾಲೆ ನೀವು ಒತ್ತೂದ ಬ್ಯಾಡ್ರಿ ಅತ್ತಿ. ಫೋನ ಹೆಜ್ಜಿ ಎಣಿಸ್ತೈತಿ. ಮೂರು ಸಾವಿರ ಆದ ಕೂಡ್ಲೆ ತಾನ ಹಸಿರಾಕ್ಕೈತಿ," ಎಂದು ಏನೋ ಜೋಡಿಸಿಕೊಟ್ಟಳು. ಸಿಕ್ಕಿಬಿದ್ದೆ ಎಂದುಕೊಂಡೆ.

ನನ್ನ ಫೋನು ಸದಾ ಕೊರಳಿಗೆ ಹಾಕಿದ ಬಟ್ಟೆಯ ಚೀಲದಲ್ಲಿ ಇರುತ್ತದೆ. ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿದು ಮುಗಿಸಿ ನೋಡಿದೆ. ಅಂಗಳ ದಾಟಿಲ್ಲ, ಒಂಬೈನೂರು ಚಿಲ್ಲರೆ ಹೆಜ್ಜೆ. ರೊಟ್ಟಿ ಬಡಿಯುವಾಗ ಮೈ ಒಂದೇ ತಾಳಕ್ಕೆ ಆಡುತ್ತದಲ್ಲ, ಫೋನಿಗೆ ಅದೂ ನಡಿಗೆಯೇ. ಚೀಲವನ್ನು ಕುಪ್ಪಸದೊಳಗೆ ಬಿಗಿಯಾಗಿ ಸಿಕ್ಕಿಸಿ ನೋಡಿದೆ, ಇನ್ನೂ ಹೆಚ್ಚು ಎಣಿಸಿತು. ಇಪ್ಪತ್ತೈದು ರೊಟ್ಟಿ ಬಡಿದು, ಕಸ ಹೊಡೆದು, ಒಂದಿಷ್ಟು ಅರಿವೆ ಕಲ್ಲಿಗೆ ಕುಕ್ಕಿ ಒಗೆದರೆ ಮೂರು ಸಾವಿರ. ಮಗನೊಬ್ಬನಿಗೆ ಖುಷಿ.

"ಅವ್ವಾ, ಇಷ್ಟ ರೊಟ್ಟಿ ಯಾರಿಗೆ?"

"ತಿನ್ನೂ ಬಾಯಿಗೆ ಲೆಕ್ಕ ಯಾಕ? ಸುಮ್ನ ತಿನ್ನು."

ಹೀಗೆ ಮೂರು ತಿಂಗಳು. ಸೊಸೆ ಶಾಲೆಯಲ್ಲಿ ತನ್ನ ಫೋನು ತೋರಿಸಿ, ನಮ್ಮ ಅತ್ತಿ ಒಂದು ದಿನ ಬಿಟ್ಟಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳಂತೆ. ನನ್ನನ್ನು ನೋಡಿ ಇಬ್ಬರು ಟೀಚರು ನಡೆಯಲು ಶುರುಮಾಡಿದ್ದರು. ಅದನ್ನು ಅವಳು ಊಟಕ್ಕೆ ಕೂತಾಗ ಹೇಳಿದಳು. ನಾನು ತಲೆ ಎತ್ತದೆ ಪಲ್ಯ ಬಡಿಸಿದೆ.

ಡಾಕ್ಟರ ಮುಂದೆ ಕೂತಾಗ ಸೊಸೆ ಮೊದಲು ಫೋನನ್ನೇ ಮುಂದಿಟ್ಟಳು. ತಿಂಗಳಿಗೆ ತಿಂಗಳು ಹಸಿರು. ಡಾಕ್ಟರು "ಭೇಷ್ ಅಮ್ಮಾರ" ಎಂದರು. ಆಮೇಲೆ ರಕ್ತದ ಕಾಗದ ತೆರೆದರು. ಅದು ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ಹೇಳುವ ಪರೀಕ್ಷೆ. ಹಿಂದಿನ ದಿನ ಉಪವಾಸ ಮಾಡಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಮೊದಲು ಎಂಟೂವರೆ ಇದ್ದದ್ದು ಒಂಬತ್ತು ದಾಟಿತ್ತು.

"ಊಟದಾಗ ಏನರ ಹೆಚ್ಚು ಕಡಿಮಿ ಆಗೇತೇನ್ರಿ?" ಎಂದು ಡಾಕ್ಟರು ಕೇಳಿದರು.

ನನ್ನನ್ನು ಕೇಳಿದ್ದು. ಉತ್ತರ ಕೊಟ್ಟವಳು ಸೊಸೆ. "ರೊಟ್ಟಿ ಬಿಟ್ಟ ಅಡಗಿ ಎಲ್ಲಾ ನಂದ ರಿ. ಸಾರಿಗೆ ಬೆಲ್ಲ ಹಾಕೂ ರೂಢಿ ಐತಿ. ನನ್ನಿಂದನ ಆಗಿರಬೇಕ್ರಿ."

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಡಾಕ್ಟರು ಬರೆಯುತ್ತಲೇ, ಇಷ್ಟು ನಡೆದೂ ಏರಿದೆ ಅಂದರೆ ಇನ್ನು ಕಾಯುವುದು ಬೇಡ, ನಾಳೆ ರಾತ್ರಿಯಿಂದ ದಿನಕ್ಕೊಂದು ಸೂಜಿ ಎಂದರು. ನಾನು ಹೂಂ ಎಂದೆ. ಸೂಜಿಗೆ ಹೆದರಿ ನಡೆಯುತ್ತೇನೆ ಎಂದವಳು, ಈಗ ಮರ್ಯಾದೆಗೆ ಹೆದರಿ ಸೂಜಿಗೆ ಒಪ್ಪಿಕೊಂಡೆ. ನರ್ಸು ಸೊಸೆಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಚುಚ್ಚುವುದನ್ನು ಕಲಿಸಿದಳು.

ಅಂದು ಸಂಜೆ ಅಡುಗೆಮನೆಗೆ ಹೋದರೆ ಸೊಸೆ ಕಟ್ಟೆಯ ಮೇಲೆ ಒಂದು ಮೋಸಂಬಿ ಇಟ್ಟುಕೊಂಡು ನಿಂತಿದ್ದಳು. ಕೈಯಲ್ಲಿ ನೀರು ತುಂಬಿದ ಸೂಜಿ. ಬೆರಳು ಕೊಯ್ದುಕೊಂಡರೆ ತಲೆ ತಿರುಗಿ ಕೂರುವ ಹುಡುಗಿ ಅವಳು. ಮೋಸಂಬಿಗೆ ಚುಚ್ಚಿ, ತೆಗೆದು, ಕಣ್ಣು ಮುಚ್ಚಿ ಮತ್ತೆ ಚುಚ್ಚುತ್ತಿದ್ದಳು. ಬೆಲ್ಲದ ಡಬ್ಬಿ ಕೈಗೆಟುಕದ ಹಾಗೆ ಗೋಡೆಯ ಮೇಲಿನ ಮಾಡಕ್ಕೆ ಏರಿತ್ತು.

"ನಾ ನಡದಿಲ್ಲ," ಎಂದೆ.

"ಇವತ್ತ ದವಾಖಾನಿಗೆ ಹೋಗಿದ್ವಲ್ರಿ, ಒಂದಿನ ಬಿಟ್ರ ಏನಾತು?"

"ಇವತ್ತಲ್ಲವಾ. ಎರಡೂವರಿ ತಿಂಗಳ ಆತು. ಅಂಗಡಿ ಮೆಟ್ಟಲದ ಮ್ಯಾಲೆ ಕೂತ ಬಂದೇನಿ. ಹೆಜ್ಜಿ ಎಲ್ಲಾ ರೊಟ್ಟಿವು."

ಅವಳಿಗೆ ತಿಳಿಯಲಿಲ್ಲ. ಫೋನನ್ನು ಕುಪ್ಪಸದಲ್ಲಿ ಸಿಕ್ಕಿಸಿ, ಬರಿಗೈಯಲ್ಲಿ ರೊಟ್ಟಿ ಬಡಿದಂತೆ ಬಡಿದು ತೋರಿಸಿದೆ. ಸಂಖ್ಯೆ ಏರಿತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಕ್ಕರೂ ಆಗುತ್ತಿತ್ತು, ಬೈದರೂ ಆಗುತ್ತಿತ್ತು. ಎರಡೂ ಮಾಡಲಿಲ್ಲ.

"ಡಾಕ್ಟರ ಮುಂದ ನಾ ಬೆಲ್ಲದ ಮಾತ ಹೇಳಿದಾಗ ನೀವು ಅಲ್ಲೇ ಕೂತಿದ್ರಿ," ಎಂದಳು.

ಕೂತಿದ್ದೆ. ಇಷ್ಟು ವರ್ಷದಲ್ಲಿ ಆ ಹುಡುಗಿ ನನಗೆ ಎದುರು ಆಡಿದ್ದು ಅದೊಂದೇ ಮಾತು.

ಮರುದಿನ ಬೆಳಿಗ್ಗೆ ಡಾಕ್ಟರ ಹತ್ತಿರ ನಾನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅಮ್ಮಾರ, ನೀವು ನಡೀತೀರಿ ಅಂತ ತಿಳದು ಸೂಜಿ ಬರದೆ. ನಾಳೆ ನಾಚಿಕಿ ಬಂದು ಖರೇನ ನಡಿಯಾಕ ಹತ್ತಿದ್ರ, ಸೂಜಿ ಮ್ಯಾಲೆ ನಡಗಿ ಸೇರಿ ಸಕ್ಕರಿ ತೀರಾ ಇಳೀತಿತ್ತು. ದಾರ್ಯಾಗ ಬೀಳ್ತಿದ್ರಿ." ಆರು ವಾರ ಗುಳಿಗೆಯ ಮೇಲೆಯೇ ನಡೆದು ನೋಡಲು ಹೇಳಿದರು. ವಾರಕ್ಕೆ ಎರಡು ಸಲ ಬೆಳಿಗ್ಗೆ ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿ ಬರೆದಿಡಬೇಕು. ಅದಕ್ಕೂ ಇಳಿಯದಿದ್ದರೆ ಸೂಜಿ ತಪ್ಪುವುದಿಲ್ಲ ಎಂದರು.

ಮನೆಗೆ ಬಂದು ಸೊಸೆ ಆ್ಯಪ್ ಬಿಚ್ಚಿ ಕೂತಳು. ಬೆಂಕಿಯ ಚಿತ್ರ ಕಾಣದ ಹಾಗೆ ಮಾಡಿದಳು. ದಿನಾ ಎಂದು ಇದ್ದದ್ದನ್ನು ವಾರಕ್ಕೆ ಐದು ದಿನ ಮಾಡಿದಳು. ನೀರು ಬಂದ ದಿನಕ್ಕೆ "ಬಿಟ್ಟಿದ್ದು" ಎಂದು ಬೇರೆ ಬಣ್ಣ ಇದೆಯಂತೆ, ಅದನ್ನು ಒತ್ತಿದರೆ ಹಿಂದಿನದು ಅಳಿಸಿಹೋಗುವುದಿಲ್ಲ. ಮೊದಲಿಂದಲೂ ಇತ್ತು, ನಮಗೆ ಗೊತ್ತಿರಲಿಲ್ಲ. ಐದೂವರೆಯ ಗಂಟೆ ಬೇಡ ಎಂದು ನಾನೇ ಅಂದೆ, ಅದನ್ನು ಆರಿಸಿ ಮತ್ತೆ ಮಲಗುವುದೇ ರೂಢಿಯಾಗಿತ್ತು. ಚಹಾದ ಕಪ್ಪು ತೊಳೆದಿಟ್ಟ ಮೇಲೆ ಚಪ್ಪಲಿ ಮೆಟ್ಟುವುದು ಎಂದು ಮಾಡಿಕೊಂಡೆವು. ಕಪ್ಪು ತೊಳೆಯುವುದನ್ನು ನಾನು ಮರೆಯುವುದಿಲ್ಲ. ಮೊದಲ ವಾರ ಹತ್ತೇ ನಿಮಿಷ, ಆಮೇಲೆ ಏರಿಸುವುದು.

"ಹೆಜ್ಜಿ ಎಣಿಸೂದು ಇರ್ಲೇನ್ರಿ? ಇಲ್ಲಾ ಎಲ್ಲೆಲ್ಲಿ ಹೋದ್ರಿ ಅಂತ ನಕಾಶಿ ತೋರಿಸೂದು ಹಚ್ಚಲೇ?"

"ಎರಡೂ ಬ್ಯಾಡ. ನನ್ನ ಬೆರಳಿಗೇ ಕೊಡು. ಫೋನ ಸುಳ್ಳ ಹೇಳಿದ್ರ ನನಗೇನೂ ಅನಸ್ಲಿಲ್ಲ. ನಾನ ಒತ್ತಬೇಕಂದ್ರ ಗೊತ್ತಾಕ್ಕೈತಿ."

ಅವಳು ಹೆಜ್ಜೆಯ ಜೋಡಣೆ ತೆಗೆದು ಫೋನು ಕೊಟ್ಟಳು. ಹಳೆಯದನ್ನೆಲ್ಲ ಒಂದೇ ಸಲಕ್ಕೆ ಅಳಿಸಲೇ ಎಂದು ಕೇಳಿದಳು. ಬೇಡ ಎಂದೆ. ಹಸಿರು ಚೌಕಗಳನ್ನು ಒಂದೊಂದಾಗಿ ಒತ್ತಿ ಖಾಲಿ ಮಾಡುತ್ತ ಬಂದೆ. ಎಪ್ಪತ್ತಕ್ಕಿಂತ ಹೆಚ್ಚಿದ್ದವು. ಅವಳು ಎದ್ದು ಹೋಗದೆ ಎದುರಿಗೇ ಕೂತಿದ್ದಳು. ನಡುವೆ ನಾಲ್ಕು ದಿನ ನಿಜವಾಗಿ ನಡೆದಿರಬಹುದು. ಯಾವ ನಾಲ್ಕು ಎಂದು ನೆನಪಿರಲಿಲ್ಲ, ಅವನ್ನೂ ಅಳಿಸಿದೆ. ಮೊದಲಿನ ಹದಿನೆಂಟು ಉಳಿದವು.

ಆರು ವಾರ ನಡೆದೆ. ಬರೆದಿಟ್ಟ ಅಂಕಿ ನಿಧಾನವಾಗಿ ಇಳಿಯುತ್ತಿದೆ, ಪೂರಾ ಅಲ್ಲ. ಡಾಕ್ಟರು ಮೂರು ತಿಂಗಳ ಪರೀಕ್ಷೆ ಮತ್ತೆ ಆಗುವವರೆಗೆ ಸೂಜಿಯನ್ನು ತಡೆದಿದ್ದಾರೆ. ಬೆಲ್ಲದ ಡಬ್ಬಿಯನ್ನು ನಾನೇ ಕೆಳಗಿಳಿಸಿಟ್ಟೆ, ಸೊಸೆ ಅದನ್ನು ಇನ್ನೂ ಮುಟ್ಟಿಲ್ಲ.

ಮೊನ್ನೆ ಭಾನುವಾರ ತಿರುವಿನ ಆ ಕಿರಾಣಿ ಅಂಗಡಿ ದಾಟುವಾಗ ಎದುರಿಗೆ ಒಬ್ಬ ಹೆಣ್ಣುಮಗಳು ಬಿರುಸಾಗಿ ಬಂದು ನಿಂತಳು. ಸೊಸೆಯ ಶಾಲೆಯ ಟೀಚರು. ಸೊಸೆ ಅಲ್ಲಿ ಇನ್ನೂ ಏನೂ ಹೇಳಿರಲಿಲ್ಲ.

"ಅಮ್ಮಾರ, ನಿಮ್ಮನ್ನ ನೋಡಿ ನಾನೂ ನಡಿಯಾಕ ಹತ್ತೇನ್ರಿ. ಹೋದ ವಾರ ಒಂದಿನ ತಪ್ತು, ಎಲ್ಲಾ ಸೊನ್ನಿ ಆತು. ಬ್ಯಾಸರಾಗೇತಿ. ನೀವು ಒಂದಿನಾನೂ ಬಿಡದ ಹ್ಯಾಂಗ ಮಾಡಿದ್ರಿ?"

ಆ ಮೆಟ್ಟಿಲು ಪಕ್ಕದಲ್ಲೇ ಇತ್ತು.

"ಮಾಡಿಲ್ಲವಾ," ಎಂದೆ. "ಬಾ, ನಡಕೋಂತ ಹೇಳ್ತೇನಿ. ಇಲ್ಲಿ ಮಾತ್ರ ಕೂಡೂದು ಬ್ಯಾಡ."